ದುಬ್ವಾ ಬರೆದದ್ದೆಲ್ಲ ಕಣ್ಣಾರೆ ಕಂಡದ್ದಲ್ಲ

‘ಹಾಸನದ ಹತ್ತಿರ ಕ್ರೈಸ್ತ ರೈತರ ನೆಲೆ ಕಟ್ಟಿದ ಫ್ರೆಂಚ್ ಪಾದ್ರಿ ಅಬ್ಬೆ ದುಬ್ವಾ ಇಲ್ಲಿಯ ಆಚರಣೆಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಇನ್ನೂರು ವರ್ಷ ಹಿಂದಿನ ನಮ್ಮ ಜಿಲ್ಲೆಯ ಧರ್ಮಕ್ಕೆ ಅದೇ ಸಾಕ್ಷಿ’ ಎನ್ನುವವರಿದ್ದಾರೆ.

ನೆಲೆ ಕಟ್ಟಿದ್ದು ನಿಜ, ಸಾಕ್ಷಿಯ ಮಾತು ಅಷ್ಟು ಸಲೀಸಲ್ಲ. ಕಂಪನಿ ಸರ್ಕಾರ 1807ರಲ್ಲಿ ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಆ ಬರಹದ ಬಹುಪಾಲು ಜೆಸ್ಯೂಟ್ ಪಾದ್ರಿ ಕೂರ್ದೂನದು ಎಂದು ವಿದ್ವಾಂಸೆ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿದರು. ಕೂರ್ದೂ ದುಡಿದದ್ದು ತೆಲುಗು ಸೀಮೆ ಮತ್ತು ಪುದುಚೇರಿಯಲ್ಲಿ. ಅವನ ಬರಹವನ್ನು ದೆವೋ ಎಂಬ ಫ್ರೆಂಚ್ ಸೇನಾಧಿಕಾರಿ 1777ರ ಹೊತ್ತಿಗೆ ಸಂಕಲಿಸಿದ್ದ. ಆದ್ದರಿಂದ ಮೊದಲು ಆ ಸಂಕಲನವನ್ನು ಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲೂ ಇರುವ ವಿವರವನ್ನು ಹಾಸನದ ಲೆಕ್ಕಕ್ಕೆ ಬರೆಯುವಂತಿಲ್ಲ. ದುಬ್ವಾನಲ್ಲಿ ಮಾತ್ರ ಇದ್ದು, ಮೈಸೂರು ಸೀಮೆಯ ಹೆಸರು ಹೇಳುವ ಭಾಗ ಅವನದೇ ಆಗಿರುವ ಸಂಭವ ಹೆಚ್ಚು.

ಉದ್ದೇಶವನ್ನಂತೂ ದುಬ್ವಾ ಬಚ್ಚಿಟ್ಟಿಲ್ಲ: ವಿಗ್ರಹಾರಾಧನೆಯ ಕುರೂಪವನ್ನು ತೋರಿಸಿದರೆ ಕ್ರೈಸ್ತ ಧರ್ಮದ ಚೆಲುವು ಎದ್ದು ಕಾಣುತ್ತದೆ ಎಂದು ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ. ಹಾಗಾಗಿ ‘ಅಸಹ್ಯ’, ‘ಮೂಢ’ ಎಂಬ ಮಾತುಗಳು ಅವನ ಮನಸ್ಸಿಗೆ ಸಾಕ್ಷಿಯೇ ಹೊರತು ಊರಿಗಲ್ಲ.

ಹಾಗೆಂದು ಪುಸ್ತಕವನ್ನೇ ಎಸೆಯುವವರ ಜೊತೆಗೂ ನಾನಿಲ್ಲ. ಮೈಸೂರು ಸೀಮೆಯ ಒಂದು ಸಮುದಾಯದಲ್ಲಿ ತಾಯಂದಿರು ಬೆರಳಿನ ಗೆಣ್ಣು ಕತ್ತರಿಸಿಕೊಳ್ಳುತ್ತಿದ್ದರೆಂದು ದುಬ್ವಾ ಬರೆಯುತ್ತಾನೆ. ಉತ್ಪ್ರೇಕ್ಷೆ ಎನಿಸುತ್ತದೆ. ಆದರೆ ಮತಪ್ರಚಾರದ ಗೊಡವೆಯಿಲ್ಲದೆ, ಬೇಸಾಯ ಮತ್ತು ವ್ಯಾಪಾರದ ವಿಚಾರಣೆಗೆಂದು 1800ರಲ್ಲಿ ಬಂದ ಬ್ರಿಟಿಷ್ ವೈದ್ಯ ಫ್ರಾನ್ಸಿಸ್ ಬುಕನನ್ ಕೂಡ ಇದನ್ನು ದಾಖಲಿಸಿದ್ದಾನೆ. ಅವನೂ ಕಂಪನಿಯ ಆಳೇ, ಆದರೂ ಇಬ್ಬರ ಹಿತಾಸಕ್ತಿ ಬೇರೆ. ಆದ್ದರಿಂದ ಪದ್ಧತಿ ಇತ್ತೆಂದು ನಂಬಬಹುದು. ಬುಕನನ್‌ಗೆ ಅದು ಸಿಕ್ಕಿದ್ದು ಮಾತ್ರ ಬೆಂಗಳೂರಿನ ಆಚೆಯ ಬಯಲುಸೀಮೆಯಲ್ಲಿ, ಹಾಸನದಲ್ಲಲ್ಲ.