ಎಲ್ಲ ನಾಡಿನ ಲಯಕ್ಕೂ ಸೊಲ್ಕಟ್ಟು ಸಾಕೇ?

ಪರ: ಬಾಯಿಗೆ ಬಂದ ಲೆಕ್ಕ ಕೈ ತಪ್ಪುವುದಿಲ್ಲ

ಮೃದಂಗದ ಪಾಠದಲ್ಲಿ ಸೊಲ್ಕಟ್ಟನ್ನು, ಅಂದರೆ 'ತಕ', 'ತಕಿಟ'ದಂಥ ಲಯದ ಸದ್ದುಗಳನ್ನು, ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ನುಡಿಸಬೇಕು. ಇದು ಸುಮ್ನೆ ಸಂಪ್ರದಾಯ ಅಂತ ಅಲ್ಲ. 'ತ' ಹೇಳುವಾಗ ನಾಲಿಗೆ ಹಲ್ಲಿನ ಹತ್ತಿರ ಇರುತ್ತದೆ, 'ಕ' ಹೇಳುವಾಗ ಗಂಟಲ ಕಡೆ. ಎರಡೂ ಸರದಿಯಲ್ಲಿ ಬರುವುದರಿಂದ ವೇಗ ಸಿಗುತ್ತದೆ. ಬರೀ 'ತ ತ ತ ತ' ಅಂತ ಓಡಿಸಿ ನೋಡಿ, ಬೇಗನೆ ತೊದಲುತ್ತೀರಿ. ಪಾಶ್ಚಾತ್ಯ ಕೊಳಲು, ಟ್ರಂಪೆಟ್ ನುಡಿಸುವವರು ವೇಗಕ್ಕೆ ನಾಲಿಗೆಯಲ್ಲಿ 'ತು-ಕು' ಮಾಡುವುದೂ ಇದೇ ಕಾರಣಕ್ಕೆ.

ಆದರೆ ನಿಜವಾದ ಲಾಭ ಲೆಕ್ಕದಲ್ಲಿದೆ. ಆದಿತಾಳ ಹಾಕಿ: ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಎರಡು ಸಲ ಪೆಟ್ಟು ಮತ್ತು ಅಂಗೈ ತಿರುವು. ಎಂಟು ಎಣಿಕೆ, ಒಂದೊಂದಕ್ಕೆ ನಾಲ್ಕು ಮಾತ್ರೆ, ಒಟ್ಟು 32. ಅದರೊಳಗೆ ಇದನ್ನು ಹೇಳಿ:

ತಕತಕಿಟ | ತಕತಕಿಟ | ತಕಿಟ
ತದಿಗಿಣತೋಂ – – | ತದಿಗಿಣತೋಂ – – | ತದಿಗಿಣತೋಂ

ಮೇಲಿನ ಸಾಲು 5, 5, 3, ಅಂದರೆ 13 ಮಾತ್ರೆ. ಕೆಳಗಿನದು ಮೂರು ಐದು, ನಡುವೆ ಎರಡೆರಡು ಮಾತ್ರೆಯ ಕಾರ್ವೆ, ಅಂದರೆ ಬಿಡುವು, ಒಟ್ಟು 19. ಅಲ್ಲಿಗೆ 32 ಮುಗಿಯಿತು, ಮುಂದಿನ ಪೆಟ್ಟೇ ಸಮ, ಅಂದರೆ ತಾಳದ ಮೊದಲ ಪೆಟ್ಟು.

ಸರಿಯಾಗಿ ಹೇಳಿದಿರೋ ಇಲ್ಲವೋ ಅಂತ ತಿಳಿಯಲು ಮೇಷ್ಟ್ರು ಬೇಕಿಲ್ಲ. ತಕಿಟದ ಕೊನೆಯ 'ಟ' ನಡುಬೆರಳ ಮೇಲೇ ಬೀಳಬೇಕು. ಎರಡನೇ ತದಿಗಿಣತೋಂನ 'ತ' ಮೊದಲ ಅಂಗೈ ತಿರುವಿನ ಮೇಲೇ ಬರಬೇಕು. ಬಹಳ ಜನ ಕಾರ್ವೆಯನ್ನು ನುಂಗುತ್ತಾರೆ, ಆಗ 'ತ' ಅಂಗೈ ತಿರುಗುವ ಮೊದಲೇ ಬಂದುಬಿಡುತ್ತದೆ. ತಪ್ಪು ಎಲ್ಲಾಯಿತು ಅಂತ ಕೈಯೇ ತೋರಿಸಿಕೊಡುತ್ತದೆ. ಬರೆದ ಸ್ವರಲಿಪಿ ಓದುವಾಗ ಇಷ್ಟು ಬೇಗ ಸಿಕ್ಕಿಬೀಳುವುದಿಲ್ಲ.

ಇದಕ್ಕೆ ವಾದ್ಯ ಬೇಡ, ರಾಗ ಬೇಡ. ಅದಕ್ಕೇ ಇದು ಎಲ್ಲಿಗೆ ಬೇಕಾದರೂ ಹೋಗುತ್ತದೆ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜಾಝ್ ಕಲಾವಿದರ ಜೊತೆ ವೇದಿಕೆ ಹಂಚಿಕೊಂಡಿತು. ಆರ್.ಎ. ರಮಾಮಣಿ ಅವರ ಕೊನ್ನಕೋಲು, ಅಂದರೆ ಕಛೇರಿಯಲ್ಲಿ ಸೊಲ್ಕಟ್ಟು ಹೇಳುವ ಕಲೆ, ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಸಂಗೀತದ ಜೊತೆ ಸೇರಿತು. ಆಮ್‌ಸ್ಟರ್‌ಡ್ಯಾಮ್‌ನ ಸಂಗೀತ ಕಾಲೇಜಿನಲ್ಲಿ ಕರ್ನಾಟಕ ಲಯ ಒಂದು ಪಾಠ. ಬಲ್ಗೇರಿಯಾದ ರುಚೆನಿತ್ಸಾ ಕುಣಿತದ 2+2+3 ನಮಗೇನೂ ಹೊಸದಲ್ಲ: 'ತಕ ತಕ ತಕಿಟ'. 3+2+2ರ ಮಿಶ್ರಛಾಪು ತಾಳ ಬಲ್ಲವರು ಅದನ್ನು ತಿರುಗಿಸಿಟ್ಟುಕೊಂಡರೆ ಆಯಿತು.

ವಿರೋಧ: ಹೇಳಬಹುದು, ಆದರೆ ಅದೇ ಲಯ ಉಳಿಯುತ್ತದೆಯೇ?

ಮೇಲಿನ 32 ಮಾತ್ರೆಯ ಲೆಕ್ಕದಲ್ಲಿ ನನಗೆ ತಕರಾರಿಲ್ಲ. ಅದು ನಮ್ಮದೇ ಸಂಗೀತ, ನಮ್ಮದೇ ಸಾಧನ, ಹೊಂದಿಕೊಳ್ಳಲೇಬೇಕು. ನನ್ನ ತಕರಾರು ಹೊರಗೆ ಹೋದಾಗಿನದು.

ಘಾನಾದ ಎವೆ ಜನರ ಕುಣಿತದಲ್ಲಿ ಒಂದು ಕಬ್ಬಿಣದ ಗಂಟೆ ಹೊಡೆಯುತ್ತಾರೆ. ಹನ್ನೆರಡು ಮಾತ್ರೆಯಲ್ಲಿ ಏಳು ಹೊಡೆತ: 2, 2, 1, 2, 2, 2, 1. ಸೊಲ್ಕಟ್ಟು ಕಲಿತವನು ತಕ್ಷಣ 'ತಕ ತಕ ತ ತಕ ತಕ ತಕ ತ' ಅನ್ನುತ್ತಾನೆ. ಕೂಡಿದರೆ ಹನ್ನೆರಡು ಬಂತು, ಖುಷಿ.

ಆದರೆ ಕುಣಿಯುವವರ ಹೆಜ್ಜೆ 1, 4, 7, 10ನೇ ಮಾತ್ರೆಯಲ್ಲಿ ಬೀಳುತ್ತದೆ. ಗಂಟೆಯ ಹೊಡೆತ 1, 3, 5, 6, 8, 10, 12ರಲ್ಲಿ. ಎರಡೂ ಸೇರುವುದು ಒಂದರಲ್ಲಿ ಮತ್ತು ಹತ್ತರಲ್ಲಿ ಮಾತ್ರ. ಉಳಿದ ಎರಡು ಹೆಜ್ಜೆ ಗಂಟೆ ಸುಮ್ಮನಿರುವ ಜಾಗದಲ್ಲಿ ಬೀಳುತ್ತವೆ. ಆ ಎಳೆದಾಟವೇ ಆ ಲಯದ ಜೀವ. 'ತಕ ತಕ ತ' ಅಂದಾಗ ಪ್ರತಿ 'ತ' ಮೇಲೂ ನಾಲಿಗೆ ಒತ್ತು ಕೊಡುತ್ತದೆ, ಗಂಟೆಯೇ ತಾಳವಾಗಿಬಿಡುತ್ತದೆ, ಹೆಜ್ಜೆ ಕಳೆದುಹೋಗುತ್ತದೆ. ಕೈಯಲ್ಲಿ ತಿಶ್ರ ನಡೆಯ, ಅಂದರೆ ಒಂದೊಂದಕ್ಕೆ ಮೂರು ಮಾತ್ರೆಯ, ನಾಲ್ಕು ಪೆಟ್ಟು ಹಾಕಿದರೆ ಆಯಿತಲ್ವಾ ಅಂತ ಕೇಳುತ್ತೀರಿ. ಆಯಿತು. ಆದರೆ ಹೆಜ್ಜೆ ಎಲ್ಲಿ ಬೀಳುತ್ತದೆ ಅಂತ ಕೈಗೆ ಹೇಳಿಕೊಟ್ಟವರು ಕುಣಿಯುವವರು, ಸೊಲ್ಕಟ್ಟು ಅಲ್ಲ.

ಇನ್ನೂ ದೊಡ್ಡ ತೊಡಕು ಮಾಲಿ ದೇಶದ ಜೆಂಬೆ ಡೋಲಿನಲ್ಲಿದೆ. ಅಲ್ಲಿನ ಎಷ್ಟೋ ಲಯಗಳಲ್ಲಿ ಒಂದು ಪೆಟ್ಟಿನೊಳಗಿನ ಭಾಗಗಳು ಒಂದೇ ಉದ್ದ ಇರುವುದಿಲ್ಲ. ಒಂದು ಗಿಡ್ಡ, ಒಂದು ಉದ್ದ. ನುಡಿಸುವವರ ಸಡಿಲತೆ ಇದಲ್ಲ. ಧ್ವನಿಮುದ್ರಣ ಅಳೆದು ನೋಡಿದವರಿಗೆ ಅದು ಸುತ್ತು ಸುತ್ತಿಗೂ ಹಾಗೇ ಮರಳಿ ಬರುವುದು ಕಂಡಿದೆ. ಆದರೆ 'ತಕಿಟ'ದ ಮೂರು ಮಾತ್ರೆ ಸರಿಸಮ. ಹಾಗಾಗಿ ಸೊಲ್ಕಟ್ಟಿನಲ್ಲಿ ಬರೆದ ಕೂಡಲೇ ಆ ಲಯ ನೇರವಾಗಿಬಿಡುತ್ತದೆ. ಜಾಝ್‌ನ ಸ್ವಿಂಗ್ ಎಂಬ ತೂಗಾಡುವ ನಡೆಗೂ ಇದೇ ಗತಿ: ಹೇಳಿದವನಿಗೆ ಎಲ್ಲವೂ ಕೂಡಿ ಬಂದಿರುತ್ತದೆ, ಪಕ್ಕದ ಡ್ರಮ್ಮರ್‌ಗೆ ಮಾತ್ರ ಅದು ಮರಗಟ್ಟಿದ ಹಾಗೆ ಕೇಳಿಸುತ್ತದೆ.

ಕಲಿಯಲು ಹೋಗುವವರು ಮೊದಲು ಅಲ್ಲಿನವರು ಏನು ಹೇಳಿಕೊಂಡು ಕಲಿಸುತ್ತಾರೆ ಅಂತ ಕೇಳಿಸಿಕೊಳ್ಳಲಿ. ಪಶ್ಚಿಮ ಆಫ್ರಿಕಾದ ಡೋಲು ಮೇಷ್ಟ್ರುಗಳಿಗೂ ಬಾಯಿಪಾಠದ ಸದ್ದುಗಳಿವೆ. ಅವು ಯಾವ ಕೈ, ಡೋಲಿನ ಯಾವ ಜಾಗ ಅಂತಲೂ ತಿಳಿಸುತ್ತವೆ. ನಮ್ಮ 'ತಕಿಟ' ತಿಳಿಸುವುದು ಮೂರು ಅಂತ ಅಷ್ಟೇ.