ಡೇಟ್ ಇದೆಯಲ್ಲ, ಮತ್ತೇನು?

ನಿನ್ನೆ ಉಡುಪಿಯಲ್ಲಿ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಮೀನೆಣ್ಣೆ ಕ್ಯಾಪ್ಸೂಲಿನ ದೊಡ್ಡ ಬಾಟಲಿ ಫ್ರಿಜ್ಜಿನ ಮೇಲಿತ್ತು. ಒಳಗಲ್ಲ, ಮೇಲೆ. ಆ ಜಾಗ ದಿನವಿಡೀ ಬೆಚ್ಚಗಿರುತ್ತದೆ, ಕೈಯಿಟ್ಟು ನೋಡಿ. ದೊಡ್ಡಮ್ಮ ಬಾಟಲಿ ಅಲ್ಲಾಡಿಸಿದರು, ಗಲಗಲ ಅನ್ನಲಿಲ್ಲ. ಬುಡವನ್ನು ಅಂಗೈಗೆ ಎರಡು ಸಲ ಬಡಿದರು. ನಾಲ್ಕು ಕ್ಯಾಪ್ಸೂಲ್ ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿ ಬಿತ್ತು. ಅದರಲ್ಲಿ ಒಂದನ್ನು ಕಿತ್ತು ಬಾಯಿಗೆ ಹಾಕಲು ಹೊರಟರು.

"ಅದು ಹಾಳಾಗಿದೆ ದೊಡ್ಡಮ್ಮ" ಅಂದೆ.

"ಹಾಳಾಗುವುದೆಂತ ಮಾರಾಯ್ತಿ, ಇನ್ನೂ ಡೇಟ್ ಇದೆ!"

ನಾನು ಮೆಡಿಕಲ್ ಅಂಗಡಿ ಕೌಂಟರ್ ಹಿಂದೆ ನಿಲ್ಲುವವಳು ಅಂತ ನಿಮಗೆಲ್ಲ ಗೊತ್ತು. "ಡೇಟ್ ಇದೆಯಲ್ಲ" ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ತಲೆಗೆ ಏರುತ್ತದೆ.

ದೊಡ್ಡಮ್ಮ ಬಂಗುಡೆ ಕೊಳ್ಳುವುದನ್ನು ನೀವು ನೋಡಬೇಕು. ಕಿವಿರು ಎತ್ತಿ ಕೆಂಪಿದೆಯಾ ನೋಡುತ್ತಾರೆ, ಕಣ್ಣು ನೋಡುತ್ತಾರೆ, ಹೊಟ್ಟೆ ಒತ್ತುತ್ತಾರೆ, ಮೂಸುತ್ತಾರೆ. ಮೀನಿನವಳಿಗೆ ನಾಲ್ಕು ಮಾತು ಕೊಟ್ಟೇ ತೆಗೆದುಕೊಳ್ಳುವುದು. ಅದೇ ಮೀನಿನ ಎಣ್ಣೆ ಜೆಲಟಿನ್ ಒಳಗೆ ಕೂತು, ಬಾಟಲಿ ಸೇರಿ, ಅಮೆರಿಕದಿಂದ ಬಂದರೆ ಒಂದು ಪ್ರಶ್ನೆಯೂ ಇಲ್ಲ. ಗುಳುಂ.

ಕತ್ತರಿ ತೆಗೆದುಕೊಂಡು ಒಂದು ಕ್ಯಾಪ್ಸೂಲಿನ ತುದಿ ಕತ್ತರಿಸಿ ಸಾಸರಿಗೆ ಹಿಂಡಿದೆ. ಒಳ್ಳೆ ಮೀನೆಣ್ಣೆಗೆ ಸಮುದ್ರದ, ಮೀನಿನ ಮಂದ ವಾಸನೆ ಇರುತ್ತದೆ ಅಷ್ಟೆ. ಇದಕ್ಕೆ ಪೇಂಟಿನ ಥರ ಮೂಗಿಗೆ ಚುಚ್ಚುವ ಕಮಟು ವಾಸನೆ. ದೊಡ್ಡಮ್ಮ ಬಗ್ಗಿ ಮೂಸಿ "ಇಸ್ಸಿ" ಅಂದರು. ದಿನಾ ನುಂಗುತ್ತಿದ್ದದ್ದು ಇದನ್ನೇ. ಹೊರಗಿನ ಸಿಪ್ಪೆ ವಾಸನೆ ಮುಚ್ಚಿಡುತ್ತದೆ, ನಿಂಬೆ ಫ್ಲೇವರ್ ಹಾಕಿದ್ದರೆ ಇನ್ನೂ ಜಾಸ್ತಿ ಮುಚ್ಚಿಡುತ್ತದೆ. ಹಾಗಾಗಿ ಕತ್ತರಿಸಿಯೇ ನೋಡಬೇಕು. ಬಾಟಲಿ ತೆರೆದ ದಿನ ಒಂದು, ಆಮೇಲೆ ತಿಂಗಳಿಗೊಂದು. ಒಂದು ಕ್ಯಾಪ್ಸೂಲ್ ದಂಡವಾದರೆ ಆಗಲಿ.

ಹೀಗೇಕೆ ಆಗುತ್ತದೆ? ಒಮೆಗಾ-3 ಕೊಬ್ಬಿಗೆ ಗಾಳಿ ತಾಗಿದರೆ ಕೆಡುವ ಗುಣ ಜಾಸ್ತಿ, ಅಡುಗೆ ಎಣ್ಣೆಗಿಂತಲೂ ಬೇಗ. ಅದನ್ನು ತಡೆಯಲು ಕಂಪನಿಯವರು ಸ್ವಲ್ಪ ವಿಟಮಿನ್ ಇ ಬೆರೆಸಿರುತ್ತಾರೆ. ಅದು ತಾನು ಖರ್ಚಾಗುತ್ತಾ ಎಣ್ಣೆಯನ್ನು ಕಾಯುತ್ತದೆ. ಮುಗಿದ ಮೇಲೆ ಎಣ್ಣೆ ದಡದಡ ಕೆಡುತ್ತದೆ. "ಹೋದ ತಿಂಗಳು ಚೆನ್ನಾಗಿಯೇ ಇತ್ತಲ್ಲ" ಅಂತ ಜನ ಹೇಳುವುದು ಇದಕ್ಕೇ. ಹತ್ತು ಡಿಗ್ರಿ ಬಿಸಿ ಏರಿದರೆ ಈ ಕೆಡುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಮೇಲಿನಿಂದ ನಮ್ಮ ಕರಾವಳಿಯ ತೇವ. ಜೆಲಟಿನ್ ತೇವ ಕುಡಿದರೆ ಮೆತ್ತಗಾಗಿ ಅಂಟುತ್ತದೆ, ಅದರ ಮೂಲಕ ಗಾಳಿಯೂ ಸುಲಭವಾಗಿ ನುಸುಳುತ್ತದೆ. ಬರೀ ಅಂಟಿಕೊಂಡ ಮಾತ್ರಕ್ಕೆ ಎಣ್ಣೆ ಕೆಟ್ಟಿದೆ ಅಂತಲ್ಲ. ಆದರೆ ಸೆಕೆಯೋ ತೇವವೋ ಒಳಗೆ ಹೊಕ್ಕಿದೆ ಅನ್ನುವುದಕ್ಕೆ ಅದು ಸಾಕ್ಷಿ.

ಇನ್ನು ಆ ಡೇಟ್. ಬಾಟಲಿ ಸೀಲ್ ಆಗಿದ್ದು, ಲೇಬಲ್ ಹೇಳಿದ ತಂಪಿನಲ್ಲಿ ಇಟ್ಟಿದ್ದರೆ ಮಾತ್ರ ಅಲ್ಲಿವರೆಗೆ ಸರಿ ಇರುತ್ತದೆ ಅಂತ ಅದರ ಅರ್ಥ. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 25 ಅಥವಾ 30 ಡಿಗ್ರಿಗಿಂತ ಕೆಳಗೆ, ಒಣ ಜಾಗದಲ್ಲಿ ಇಡಿ ಅಂತ ಬರೆದಿರುತ್ತದೆ. ಆ ಎರಡೂ ಸಾಲು ಸೇರಿ ಒಂದೇ ಮಾತು. ನಾವು ದಿನಾಂಕವನ್ನು ಮಾತ್ರ ಓದಿ ಷರತ್ತನ್ನು ಬಿಟ್ಟುಬಿಡುತ್ತೇವೆ. ಏಪ್ರಿಲ್, ಮೇ ಪೂರ್ತಿ ಫ್ರಿಜ್ಜಿನ ತಲೆ ಮೇಲೆ ಕೂತ, ಮಾರ್ಚಿನಲ್ಲೇ ಸೀಲ್ ಒಡೆದ ಬಾಟಲಿಗೆ ಆ ಡೇಟ್ ಯಾವ ಲೆಕ್ಕ?

ಅದನ್ನೂ ಸರಿಯಾಗಿ ಓದುತ್ತಾರಾ, ಅದೂ ಇಲ್ಲ. ದೊಡ್ಡಮ್ಮನ ಬಾಟಲಿ ಮೇಲೆ 06/09/2027 ಅಂತಿತ್ತು. ಅವರು ಸೆಪ್ಟೆಂಬರ್ 6 ಅಂತ ಓದಿದ್ದರು. ಅಮೆರಿಕದವರು ತಿಂಗಳು ಮೊದಲು ಬರೆಯುವವರು, ಅದು ಜೂನ್ 9. ಸುಮ್ನೆ ಮೂರು ತಿಂಗಳು ಜಾಸ್ತಿ ಸಿಕ್ಕಿತು! ಅಂದಹಾಗೆ ಅಲ್ಲಿ ಸಪ್ಲಿಮೆಂಟ್ ಮೇಲೆ ಎಕ್ಸ್‌ಪೈರಿ ಹಾಕಲೇಬೇಕು ಅಂತ ಕಾನೂನೇ ಇಲ್ಲ. ನಮ್ಮಲ್ಲಿ ಔಷಧಿ ಅಂತ ಮಾರುವ ಮಾತ್ರೆಗಳ ಮೇಲೆ ಬರೀ ತಿಂಗಳು, ವರ್ಷ ಇರುತ್ತದೆ. 06/2027 ಅಂದರೆ ಜೂನ್ ತಿಂಗಳ ಕೊನೆಯ ದಿನದವರೆಗೆ, ಜೂನ್ 1ಕ್ಕೆ ಮುಗಿಯಿತು ಅಂತಲ್ಲ. "ಬೆಸ್ಟ್ ಬಿಫೋರ್" ಅಂದರೆ ಅಲ್ಲಿವರೆಗೆ ಗುಣ ಪೂರ್ತಿ ಇರುತ್ತದೆ, ಆಮೇಲೆ ಇಳಿಯಬಹುದು ಅಂತ. "ಯೂಸ್ ಬೈ", "ಎಕ್ಸ್‌ಪೈರಿ" ಅಂದರೆ ಆಮೇಲೆ ಬಳಸಲೇಬೇಡಿ ಅಂತ. ಇನ್ನು ಎಂಎಫ್‌ಜಿ ದಿನಾಂಕವನ್ನೇ ಎಕ್ಸ್‌ಪೈರಿ ಅಂತ ಓದಿ ಹೊಸ ಬಾಟಲಿ ಹಿಡಿದುಕೊಂಡು ಜಗಳಕ್ಕೆ ಬಂದವರೂ ಇದ್ದಾರೆ. ಅವರ ಮೇಲೆ ಬೇರೆಯೇ ಪೋಸ್ಟ್ ಬರೆಯುತ್ತೇನೆ.

ಕಮೆಂಟಿನಲ್ಲಿ ಯಾರಾದರೂ ಬಂದೇ ಬರುತ್ತೀರಿ: "ಒಂದು ಹಳೇ ಕ್ಯಾಪ್ಸೂಲ್ ತಿಂದರೆ ಯಾರೂ ಸಾಯುವುದಿಲ್ಲ." ಹೌದು ಸ್ವಾಮಿ, ಸಾಯುವುದಿಲ್ಲ. ಹುಳಿತೇಗು ಬರಬಹುದು ಅಷ್ಟೆ. ಆದರೆ ನೀವು ದುಡ್ಡು ಕೊಟ್ಟದ್ದು ಒಮೆಗಾ-3ಗೆ, ಕಮಟು ಎಣ್ಣೆಗಲ್ಲ. ಅಷ್ಟಕ್ಕೇ ಸಮಾಧಾನವಿದ್ದರೆ ನಿಮ್ಮ ಹೊಟ್ಟೆ, ನಿಮ್ಮಿಷ್ಟ.

ಮಕ್ಕಳ ಗಮ್ಮಿ ವಿಷಯದಲ್ಲಿ ಮಾತ್ರ ಹೀಗೆ ಬಿಟ್ಟುಬಿಡಲು ನನಗೆ ಆಗುವುದಿಲ್ಲ. ಅದೇ ಮನೆಯಲ್ಲಿ ಅಕ್ಕನ ಮಗನ ವಿಟಮಿನ್ ಗಮ್ಮಿ ಡಬ್ಬಿ ಕಿಟಕಿ ಕಟ್ಟೆ ಮೇಲಿತ್ತು. ಕೆಂಪು, ಹಳದಿ, ಹಸಿರು ಎಲ್ಲ ಕರಗಿ ಬುಡದಲ್ಲಿ ಒಂದೇ ಗಟ್ಟಿಯಾಗಿತ್ತು. ಜೆಲಟಿನ್ ಗಮ್ಮಿ 35 ಡಿಗ್ರಿ ಆಸುಪಾಸಿನಲ್ಲೇ ಕರಗಲು ಶುರು. ಪೆಕ್ಟಿನ್‌ನಲ್ಲಿ ಮಾಡಿದ್ದು ಇದಕ್ಕಿಂತ ತಡೆಯುತ್ತದೆ. ಲೇಬಲ್ಲಿನಲ್ಲಿ ಯಾವುದಿದೆ ನೋಡಿ ತನ್ನಿ. ಅಕ್ಕ ಚಮಚದಲ್ಲಿ ಕೆರೆದು ತುಂಡು ತುಂಡಾಗಿ ಕೊಡುತ್ತಿದ್ದಳು. ಒಂದು ತುಂಡಿನಲ್ಲಿ ಒಂದು ಗಮ್ಮಿ ಇದೆಯೋ, ಮೂರು ಇದೆಯೋ ಯಾರಿಗೆ ಗೊತ್ತು? ವಿಟಮಿನ್ ಎ ಮತ್ತು ಡಿ ಜಾಸ್ತಿಯಾದರೆ ಮೂತ್ರದಲ್ಲಿ ಹೋಗಿಬಿಡುವುದಿಲ್ಲ, ಮೈಯಲ್ಲೇ ಕೂಡಿಕೊಳ್ಳುತ್ತದೆ. ಫ್ರಿಜ್ಜಿಗಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ, ಆದರೆ ಅಳತೆ ವಾಪಸ್ ಬರುವುದಿಲ್ಲ. ಅಂಥ ಡಬ್ಬಿ ಕಸಕ್ಕೆ. ನಾನೇ ಹಾಕಿ ಬಂದೆ, ಅಕ್ಕ ಇನ್ನೂ ಮಾತಾಡುತ್ತಿಲ್ಲ.

ಹಾಗಾದರೆ ಎಲ್ಲಿಡಬೇಕು? ಒಳಕೋಣೆಯ ಕಪಾಟಿನ ಕೆಳಗಿನ ಅಂಕಣ. ಒಲೆ ಪಕ್ಕ, ಬಚ್ಚಲು, ಕಿಟಕಿ, ಕಾರು ಬೇಡವೇ ಬೇಡ. ಮೀನೆಣ್ಣೆಯನ್ನು ಫ್ರಿಜ್ಜಿನಲ್ಲೇ ಇಡಬಹುದು. ತಂಪಿಗೆ ಎಣ್ಣೆ ಮಬ್ಬಾದರೆ ಹೆದರಬೇಡಿ, ಅದು ಕೆಟ್ಟದ್ದಲ್ಲ. ಆದರೆ ತಣ್ಣಗಿನ ಬಾಟಲಿಯ ಮುಚ್ಚಳ ತೆರೆದೇ ಇಟ್ಟರೆ ಹೊರಗಿನ ತೇವ ಒಳಗೆ ನೀರಾಗಿ ಕೂರುತ್ತದೆ. ಬೇಕಾದಷ್ಟು ತೆಗೆದು ತಕ್ಷಣ ಮುಚ್ಚಿ ಒಳಗಿಡಿ, ಇಲ್ಲವೇ ವಾರಕ್ಕಾಗುವಷ್ಟು ಸಣ್ಣ ಡಬ್ಬಿಯಲ್ಲಿ ಬೇರೆ ಇಟ್ಟುಕೊಳ್ಳಿ. ಒಳಗಿನ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ. ಹತ್ತಿ ಇದ್ದರೆ ಅದನ್ನು ಎಸೆಯಿರಿ, ಅದು ತೇವ ಹೀರಿ ಇಟ್ಟುಕೊಳ್ಳುತ್ತದೆ. ಮುಚ್ಚಳದ ಮೇಲೆ ತೆರೆದ ದಿನಾಂಕ ಮಾರ್ಕರಿನಲ್ಲಿ ಬರೆಯಿರಿ.

ಮತ್ತೆ ಅಮೆರಿಕದ ಅಣ್ಣಂದಿರೇ, ಅಕ್ಕಂದಿರೇ, ಅಗ್ಗಕ್ಕೆ ಸಿಗುತ್ತದೆ ಅಂತ 240ರ ಬಾಟಲಿ ಹೊತ್ತು ತರಬೇಡಿ. ದಿನಕ್ಕೊಂದು ನುಂಗುವವರಿಗೆ ಅದು ಎಂಟು ತಿಂಗಳು, ಅಷ್ಟರಲ್ಲಿ ಇಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಎರಡೂ ದಾಟಿರುತ್ತದೆ. ತರಲೇಬೇಕಿದ್ದರೆ ಅರವತ್ತರದ್ದು ನಾಲ್ಕು ತನ್ನಿ, ಒಂದು ಮುಗಿದ ಮೇಲೆ ಇನ್ನೊಂದರ ಸೀಲ್ ಒಡೆಯಲು ಹೇಳಿ.