ಹನ್ನೆರಡು ಅಂಕಿಯ ರಿಮೋಟು

ಜಪಾನಿನ ಟಿವಿ ರಿಮೋಟಿನಲ್ಲಿ 1ರಿಂದ 12ರವರೆಗೆ ಗುಂಡಿಗಳಿರುತ್ತವೆ. ಒಂಬತ್ತಾದ ಮೇಲೆ ಸೊನ್ನೆ ನೋಡಿ ಅಭ್ಯಾಸವಾದ ನಮ್ಮವರಿಗೆ ಮೊದಲ ಗಾಬರಿ ಅಲ್ಲೇ. ಕೆಳಗೆ ನೀಲಿ, ಕೆಂಪು, ಹಸಿರು, ಹಳದಿ ಗುಂಡಿಗಳು. ಉಳಿದ ಜಾಗದಲ್ಲೆಲ್ಲ ಕಾಂಜಿ ಎಂಬ ಜಪಾನಿ ಲಿಪಿಯ ಅಕ್ಷರಗಳು. ಟೋಕಿಯೋದ ಆಫೀಸಿಗೆ ಕೆಲಸಕ್ಕೆಂದು ಬಂದ ಬೆಂಗಳೂರಿನ ಹುಡುಗ ಮೀಟಿಂಗ್ ರೂಮಿನಲ್ಲಿ ತನ್ನ ಲ್ಯಾಪ್‌ಟಾಪಿನ ಸ್ಲೈಡು ಟಿವಿಯಲ್ಲಿ ತೋರಿಸಲು ಇದನ್ನು ಕೈಗೆತ್ತಿಕೊಂಡಾಗ, ಎದುರಿಗೆ ಕೂತವರು ಪಾಪ ಬಹಳ ಮರ್ಯಾದಸ್ಥರು, ಯಾರೂ ನಗುವುದಿಲ್ಲ. ಅದೇ ಜಾಸ್ತಿ ಕಷ್ಟ.

ಎಷ್ಟೋ ರೂಮುಗಳಲ್ಲಿ ಗೋಡೆಗೆ ಹಾಕಿರುವುದು ಮನೆಯಲ್ಲಿರುವಂಥ ಟಿವಿಯೇ. ಆದ್ದರಿಂದ ಆ ಹನ್ನೆರಡು ಅಂಕಿಗಳೂ, 地デジ, BS, CS ಎಂಬ ಗುಂಡಿಗಳೂ ಚಾನೆಲ್ಲಿಗೆ ಸೇರಿದವು. ನಮಗೆ ಅವುಗಳ ಸಹವಾಸ ಬೇಡ. ಸುಮ್ನೆ ಒಂದನ್ನು ಒತ್ತಿದರೂ ಟಿವಿ ನಮ್ಮ ಲ್ಯಾಪ್‌ಟಾಪನ್ನು ಬಿಟ್ಟು ಪ್ರಸಾರದ ಕಡೆ ಹೊರಟುಬಿಡುತ್ತದೆ. ಆಂಟೆನಾ ಇದ್ದರೆ ಯಾರೋ ಅಡುಗೆ ಮಾಡುತ್ತಿರುವುದು ಕಾಣುತ್ತದೆ, ಇಲ್ಲದಿದ್ದರೆ ಒಂದು ಎಚ್ಚರಿಕೆ. ಅದೂ ಜಪಾನಿಯಲ್ಲೇ.

ನಮಗೆ ಬೇಕಾದ ಗುಂಡಿ 入力切換, ಅಂದರೆ ಟಿವಿ ತನ್ನ ಯಾವ ಕೇಬಲ್ ಕಿಂಡಿಯ ಚಿತ್ರ ತೋರಿಸಬೇಕೆಂದು ಬದಲಿಸುವ ಗುಂಡಿ. ಸಾಮಾನ್ಯವಾಗಿ ರಿಮೋಟಿನ ಮೇಲ್ಭಾಗದಲ್ಲಿ, 電源 ಎಂಬ ಪವರ್ ಗುಂಡಿಯ ಆಸುಪಾಸಿನಲ್ಲಿ ಇರುತ್ತದೆ. ನಾಲ್ಕೂ ಅಕ್ಷರ ಕಲಿಯಬೇಕಿಲ್ಲ. ಮೊದಲನೆಯದು, ಕಾಲು ಅಗಲಿಸಿ ನಿಂತ ಮನುಷ್ಯನಂಥ 入, ಗುರುತು ಸಿಕ್ಕರೆ ಸಾಕು. ರೈಲ್ವೆ ಸ್ಟೇಷನ್ನಿನ ಬಾಗಿಲ ಮೇಲೆ 入口 ಎಂದು ದಿನಾ ನೋಡುವ ಅಕ್ಷರವೇ ಅದು. ಎಪ್ಸನ್ ಪ್ರೊಜೆಕ್ಟರುಗಳ ಜಪಾನಿ ರಿಮೋಟಿನಲ್ಲಿ ಇದರ ಜಾಗದಲ್ಲಿ 入力検出 ಎಂದಿರುತ್ತದೆ. ಅದು ಒಂದು ಕೈ ಮೇಲು. ಯಾವ ಕಿಂಡಿಯಲ್ಲಿ ಸಿಗ್ನಲ್ ಬರುತ್ತಿದೆ ಎಂದು ತಾನೇ ಹುಡುಕುತ್ತದೆ. ಆದರೆ ಹುಡುಕುವ ಹೊತ್ತಿಗೆ ಸಿಗ್ನಲ್ ಇರಬೇಕಲ್ವಾ? ಹಾಗಾಗಿ ಕೇಬಲ್ ಸಿಕ್ಕಿಸಿ, ಲ್ಯಾಪ್‌ಟಾಪ್ ಎಬ್ಬಿಸಿ, ಆಮೇಲೆ ಒತ್ತಬೇಕು.

ಟಿವಿಯಲ್ಲಿ ಗುಂಡಿ ಒತ್ತಿದಾಗ ಒಂದು ಪಟ್ಟಿ ಬರುತ್ತದೆ. ಅದರಲ್ಲಿ HDMI 1, HDMI 2 ಎಂದು ಇಂಗ್ಲಿಷಿನಲ್ಲೇ ಇರುವುದು ನಮ್ಮ ಪುಣ್ಯ. ಬಾಣದ ಗುಂಡಿಯಿಂದ ನಮ್ಮ ಕೇಬಲ್ ಸಿಕ್ಕಿಸಿದ ಕಿಂಡಿಯ ಹೆಸರಿಗೆ ಇಳಿದು, ನಡುವಿನ 決定 ಒತ್ತಿದರೆ ಆಯಿತು. ಬಹಳ ಜನ ಕೆಡುವುದು ಇಲ್ಲಿಂದ ಮುಂದೆ. ಕಿಂಡಿ ಬದಲಾದ ಮೇಲೆ ಟಿವಿಯೂ ಲ್ಯಾಪ್‌ಟಾಪೂ ಪರಿಚಯ ಮಾಡಿಕೊಳ್ಳಲು ಕೆಲವು ಸೆಕೆಂಡು ಬೇಕು. ತನಗೆ ಯಾವ ಯಾವ ಅಳತೆಯ ಚಿತ್ರ ತೋರಿಸಲು ಬರುತ್ತದೆ ಎಂದು ಟಿವಿ ಹೇಳುತ್ತದೆ, ಲ್ಯಾಪ್‌ಟಾಪು ಅದಕ್ಕೆ ಹೊಂದುವಂತೆ ಕಳಿಸುತ್ತದೆ. ಅಷ್ಟು ಹೊತ್ತು ಪರದೆ ಕಪ್ಪು. "ಬರ್ಲಿಲ್ಲ ಸಾರ್, ಇನ್ನೊಂದು ನೋಡ್ತೀನಿ" ಎಂದು ಆ ಕಪ್ಪಿನಲ್ಲೇ ಇನ್ನೊಮ್ಮೆ ಒತ್ತಿದರೆ, ಸರಿಯಾದ ಕಿಂಡಿ ದಾಟಿಹೋಯಿತು. ಮತ್ತೆ ಇಡೀ ಪಟ್ಟಿ ಸುತ್ತಬೇಕು. ಇಲ್ಲಿ ಭಾಷೆಗಿಂತ ಆತುರದ ಕೈಯೇ ದೊಡ್ಡ ಶತ್ರು ಎಂದು ನನ್ನ ಅಭಿಪ್ರಾಯ.

ತಪ್ಪು ಯಾರದ್ದೆಂದು ತಿಳಿಯಲು ರಿಮೋಟ್ ಕೆಳಗಿಟ್ಟು ಲ್ಯಾಪ್‌ಟಾಪಿನ ಕಡೆ ನೋಡಬೇಕು. ಕೇಬಲ್ ಬಿಚ್ಚಿ ಸಿಕ್ಕಿಸಿದಾಗ ಅದರ ಪರದೆ ಒಮ್ಮೆ ಮಿಟುಕಿದರೆ ತಂತಿ ಸರಿ ಇದೆ, ಟಿವಿ ಬೇರೆ ಕಿಂಡಿ ನೋಡುತ್ತಿರಬಹುದು. ಟಿವಿ ಇನ್ನೊಂದು ಕಿಂಡಿಯಲ್ಲಿದ್ದರೂ ಲ್ಯಾಪ್‌ಟಾಪಿಗೆ ಅದರ ಸುಳಿವು ಸಿಗುವುದು ಸಾಮಾನ್ಯ. ಏನೂ ಮಿಟುಕದಿದ್ದರೆ ಮೊದಲ ಅನುಮಾನ ಕೇಬಲ್ಲಿನ ಮೇಲೆ, ಇಲ್ಲವೇ ಯುಎಸ್‌ಬಿ-ಸಿ ಅಡಾಪ್ಟರಿನ ಮೇಲೆ. ಚಾರ್ಜ್ ಆಗುವ ಎಲ್ಲ ಯುಎಸ್‌ಬಿ-ಸಿ ಕಿಂಡಿಯೂ ಚಿತ್ರ ಕಳಿಸುವುದಿಲ್ಲ. ಆಗ ರಿಮೋಟನ್ನು ಎಷ್ಟು ಒತ್ತಿದರೂ ಬೆರಳಿಗೆ ವ್ಯಾಯಾಮ ಅಷ್ಟೆ.

ಟಿವಿಯಲ್ಲಿ ಖಾಲಿ ವಾಲ್‌ಪೇಪರ್ ಮಾತ್ರ ಬಂದು, ಸ್ಲೈಡು ಲ್ಯಾಪ್‌ಟಾಪಿನಲ್ಲೇ ಉಳಿದಿದೆಯೇ? ರಿಮೋಟಿನ ಪಾತ್ರ ಮುಗಿದಿದೆ. ವಿಂಡೋಸ್‌ನಲ್ಲಿ `Win + P` ಒತ್ತಬೇಕು. ನಾಲ್ಕು ಆಯ್ಕೆಗಳಲ್ಲಿ ಎರಡನೆಯದು ಎರಡೂ ಕಡೆ ಒಂದೇ ಚಿತ್ರ ತೋರಿಸುವಂಥದ್ದು. ಆಫೀಸಿನವರು ತಮ್ಮ ಜಪಾನಿ ಲ್ಯಾಪ್‌ಟಾಪು ಕೊಟ್ಟಿದ್ದರೆ ಅಲ್ಲಿ 複製 ಎಂದಿರುತ್ತದೆ. ಓದಲು ಬಾರದಿದ್ದರೂ ಎರಡನೆಯದು ಎರಡನೆಯದೇ.

ಟಿವಿಯ ಮೆನುವಿಗೆ ಹೋಗಿ ಇಂಗ್ಲಿಷ್ ಮಾಡಿಕೊಂಡರೆ ಸುಲಭವಲ್ವಾ ಎಂದು ಕೆಲವರು ಕೇಳುತ್ತಾರೆ. ಮಾಡಬಹುದು. ಆದರೆ ವಾಪಸ್ ಜಪಾನಿಗೆ ತಿರುಗಿಸಲು ಯಾರೂ ನೆನಪಿಡುವುದಿಲ್ಲ. ಮರುದಿನ ಬೆಳಿಗ್ಗೆ ಅದೇ ರೂಮಿನಲ್ಲಿ ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರು ರಿಮೋಟ್ ಹಿಡಿದು, ಪರದೆಯ ಇಂಗ್ಲಿಷ್ ಎದುರು ಕಣ್ಣು ಕಿರಿದು ಮಾಡಿ ನಿಂತಿರುತ್ತಾರೆ.